ಸ್ಟ್ರಾಂಗ್ ಕಾಫಿಯಿಂದ ಅಮಲು ಇಳಿಯುವುದಿಲ್ಲ: ಗಡಿಯಾರ ನೋಡಿ ಲೆಕ್ಕ ಹಾಕುವ ಬಗೆ

ವಿರಾಜಪೇಟೆಯ ಮದುವೆ ಮಂಟಪವೊಂದರಲ್ಲಿ ರಾತ್ರಿ ಹನ್ನೊಂದು ಗಂಟೆ. ಊಟದ ಎಲೆಗಳನ್ನು ತೆಗೆದಾಗಿದೆ, ಹೊರಗೆ ಮಂಜು ಇಳಿಯುತ್ತಿದೆ. ಮಡಿಕೇರಿಗೆ ಹೊರಟು ನಿಂತವರೊಬ್ಬರು ಜೇಬಿನಲ್ಲಿ ಕಾರಿನ ಕೀಲಿ ತಡಕುತ್ತಿದ್ದಾರೆ. ಅಡುಗೆಯ ಕಡೆಯಿಂದ ಯಾರೋ, "ಮಾವನಿಗೆ ಒಂದು ಲೋಟ ಹಾಲಿಲ್ಲದ ಸ್ಟ್ರಾಂಗ್ ಕಾಫಿ ಕೊಡಿ, ಸರಿಯಾಗ್ತಾರೆ" ಎನ್ನುತ್ತಾರೆ. ಬೆಲ್ಲ ಹಾಕಿದ ಬಿಸಿ ಕಾಫಿ ಬರುತ್ತದೆ. ಅರ್ಧ ಗಂಟೆಯೊಳಗೆ ಮಾವನ ಕಣ್ಣು ಅಗಲವಾಗುತ್ತದೆ, ಮಾತು ಚುರುಕಾಗುತ್ತದೆ, "ಈಗ ಆರಾಮ" ಎಂದು ಅವರೇ ಹೇಳುತ್ತಾರೆ. ಕಾಫಿ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಈ ದೃಶ್ಯ ಎಷ್ಟು ಸಾಮಾನ್ಯವೆಂದರೆ, ಆ ಲೋಟದ ಕಾಫಿ ಅವರ ರಕ್ತದಲ್ಲಿರುವ ಮದ್ಯವನ್ನು ಒಂದು ಮಿಲಿಗ್ರಾಮಿನಷ್ಟೂ ಇಳಿಸಿಲ್ಲ ಎಂದರೆ ಹಿರಿಯರು ಸುಲಭವಾಗಿ ಒಪ್ಪುವುದಿಲ್ಲ. ಹಾಗಾಗಿ ಕಾಫಿ ಏನು ಮಾಡುತ್ತದೆ, ಅಮಲು ಹೇಗೆ ಇಳಿಯುತ್ತದೆ, ಕಾರು ಹತ್ತುವ ಮುನ್ನ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಎಚ್ಚರವೇ ಬೇರೆ, ಅಮಲೇ ಬೇರೆ

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲೆ ತನಗೆಂದೇ ಇರುವ ಜಾಗಗಳಲ್ಲಿ ಕುಳಿತಾಗ ನಮಗೆ ತೂಕಡಿಕೆ ಬರುತ್ತದೆ. ಕುಡಿದಾಗ ಬರುವ ಮಂಪರಿನಲ್ಲಿಯೂ ಇದರ ಪಾಲಿದೆ. ಕಾಫಿಯ ಕೆಫೀನ್ ಆ ಜಾಗಗಳನ್ನು ಮೊದಲೇ ಆಕ್ರಮಿಸಿಕೊಂಡು ಅಡಿನೋಸಿನ್ ಕುಳಿತುಕೊಳ್ಳದಂತೆ ಮಾಡುತ್ತದೆ. ನಿದ್ದೆ ಹಾರಿಹೋಗುವುದು ಈ ಕಾರಣದಿಂದಲೇ. ಆದರೆ ಮದ್ಯವು ಮೆದುಳಿನಲ್ಲಿ ಈ ಒಂದೇ ದಾರಿಯಿಂದ ಕೆಲಸ ಮಾಡುವುದಿಲ್ಲ. ಎದುರು ಬರುವ ವಾಹನದ ದೂರವನ್ನು ಅಂದಾಜಿಸುವುದು, ತಿರುವಿನಲ್ಲಿ ಸ್ಟಿಯರಿಂಗನ್ನು ಎಷ್ಟು ತಿರುಗಿಸಬೇಕೆಂದು ತೀರ್ಮಾನಿಸುವುದು, "ಇಲ್ಲಿ ಓವರ್‌ಟೇಕ್ ಬೇಡ" ಎಂದು ತನ್ನನ್ನು ತಾನು ತಡೆಯುವುದು, ಇವೆಲ್ಲವನ್ನೂ ಅದು ಬೇರೆ ದಾರಿಗಳಿಂದ ಕೆಡಿಸಿರುತ್ತದೆ, ಮತ್ತು ಆ ದಾರಿಗಳನ್ನು ಕೆಫೀನ್ ಮುಟ್ಟುವುದೇ ಇಲ್ಲ. ಪ್ರಯೋಗಗಳಲ್ಲಿ ಕೆಫೀನ್ ಸೇವಿಸಿದ ಕುಡುಕರ ಪ್ರತಿಕ್ರಿಯೆಯ ವೇಗ ಕೊಂಚ ಸುಧಾರಿಸಿರುವುದು ಉಂಟು. ಆದರೆ ಮಾಡುವ ತಪ್ಪುಗಳು ಕಡಿಮೆಯಾಗುವುದಿಲ್ಲ. ತಪ್ಪು ನಿರ್ಧಾರವನ್ನು ಬೇಗ ಕೈಗೊಳ್ಳುವ ಚಾಲಕನನ್ನು ಸುಧಾರಿಸಿದ ಚಾಲಕ ಎನ್ನಲಾಗದು.

ಕಾಫಿ ಎಷ್ಟು ಗಟ್ಟಿಯಾಗಿದ್ದರೂ ಈ ಮಾತು ಬದಲಾಗುವುದಿಲ್ಲ. ನಮ್ಮ ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ, ಆದ್ದರಿಂದ ರೊಬಸ್ಟಾ ಡಿಕಾಕ್ಷನ್ ನಿದ್ದೆಯನ್ನು ಹೆಚ್ಚು ಓಡಿಸುತ್ತದೆ, ಅಷ್ಟೇ. ಮದ್ಯವನ್ನು ಒಡೆಯುವ ಕೆಲಸ ಬಹುಪಾಲು ಯಕೃತ್ತಿನದು. ಅಲ್ಲಿನ ಕಿಣ್ವಗಳು ಒಂದು ಗಂಟೆಗೆ ಇಷ್ಟು ಎಂಬ ಬಹುತೇಕ ಸ್ಥಿರವಾದ ವೇಗದಲ್ಲಿ ದುಡಿಯುತ್ತವೆ. ಕಾಫಿಯಾಗಲಿ, ಮಜ್ಜಿಗೆಯಾಗಲಿ, ನಿಂಬೆರಸವಾಗಲಿ, ತಲೆಗೆ ಸುರಿದ ತಣ್ಣೀರಾಗಲಿ ಆ ವೇಗವನ್ನು ಹೆಚ್ಚಿಸಲಾರವು.

ಲೆಕ್ಕ ಹಾಕುವ ಕ್ರಮ

ಮೊದಲು ಲೋಟಕ್ಕೆ ಬಿದ್ದ ಮದ್ಯ ಎಷ್ಟೆಂದು ತಿಳಿಯಬೇಕು. ರಮ್, ವಿಸ್ಕಿ, ಬ್ರಾಂಡಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ 42.8 ಎಂದು ಮುದ್ರಿಸಿರುತ್ತಾರೆ. 60 ಮಿಲಿಲೀಟರಿನ ಒಂದು ಲಾರ್ಜ್ ಪೆಗ್‌ನಲ್ಲಿ ಹೆಚ್ಚು ಕಡಿಮೆ 26 ಮಿಲಿಲೀಟರ್ ಶುದ್ಧ ಮದ್ಯಸಾರವಿದ್ದು, ಅದರ ತೂಕ ಸುಮಾರು 20 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯೊಂದರಲ್ಲಿ ಸುಮಾರು 40 ಗ್ರಾಂ, ಅಂದರೆ ಎರಡು ಲಾರ್ಜ್ ಪೆಗ್‌ನಷ್ಟು ಇರುತ್ತದೆ. "ನಾನು ಬಿಯರ್ ಮಾತ್ರ ಕುಡಿದದ್ದು" ಎನ್ನುವವರು ಇದನ್ನು ಗಮನಿಸಬೇಕು. ಮನೆಯಲ್ಲಿ ಮಿಲಿಟರಿ ಕ್ಯಾಂಟೀನಿನ ರಮ್ಮನ್ನು ಬೆರಳಳತೆಯಲ್ಲಿ ಹೊಯ್ಯುವವರು ಒಮ್ಮೆ ತಮ್ಮ ರೂಢಿಯ "ಎರಡು ಬೆರಳು" ನೀರನ್ನು ಅದೇ ಲೋಟಕ್ಕೆ ಹೊಯ್ದು, ಕೆಮ್ಮಿನ ಔಷಧದ ಅಳತೆ ಮುಚ್ಚಳದಿಂದ ಅಳೆದು ನೋಡಲಿ. ಲೋಟದ ತಳ ಅಗಲವಾಗಿದ್ದರೆ ಆ ಎರಡು ಬೆರಳು 60 ಮಿಲಿಲೀಟರನ್ನು ಸಲೀಸಾಗಿ ದಾಟುತ್ತದೆ. ಮನೆ ವೈನಿನ ಬಾಟಲಿಯ ಮೇಲೆ ಅಳತೆಯ ಚೀಟಿಯೇ ಇರುವುದಿಲ್ಲವಾದ್ದರಿಂದ ಅದನ್ನು ಕುಡಿದ ದಿನ ಈ ಲೆಕ್ಕವನ್ನು ನಂಬಲೇಬಾರದು.

ಮುಂದಿನದು ದೇಹದ ತೂಕ. ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್‌ಮಾರ್ಕ್ ಕಳೆದ ಶತಮಾನದ ಮೊದಲರ್ಧದಲ್ಲಿ ರೂಪಿಸಿದ ಸೂತ್ರವನ್ನು ಸರಳಗೊಳಿಸಿ ಹೇಳುವುದಾದರೆ, ಗಂಡಸಿನ ತೂಕವನ್ನು 0.7ರಿಂದ, ಹೆಂಗಸಿನ ತೂಕವನ್ನು 0.6ರಿಂದ ಗುಣಿಸಿ, ಕುಡಿದ ಮದ್ಯಸಾರದ ಗ್ರಾಂ ಅನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರವನ್ನು ನೂರರಿಂದ ಗುಣಿಸಿದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಮದ್ಯ ಎಂಬ ಅಂದಾಜು ಸಿಗುತ್ತದೆ. ಆಮೇಲೆ ಕುಡಿಯಲು ಶುರು ಮಾಡಿದ ಹೊತ್ತಿನಿಂದ ಗಂಟೆಗೆ 15 ಮಿಲಿಗ್ರಾಮಿನಂತೆ ಕಳೆಯುತ್ತಾ ಬರಬೇಕು.

ನಮ್ಮ ಮಾವನ ತೂಕ 70 ಕಿಲೋ ಎಂದುಕೊಳ್ಳೋಣ. ರಾತ್ರಿ ಎಂಟಕ್ಕೆ ಶುರು ಮಾಡಿ ಹತ್ತರೊಳಗೆ ಮೂರು ಲಾರ್ಜ್ ಮುಗಿಸಿದ್ದಾರೆ, ಅಂದರೆ 60 ಗ್ರಾಂ. 70ನ್ನು 0.7ರಿಂದ ಗುಣಿಸಿದರೆ 49. 60ನ್ನು 49ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 120. ಹನ್ನೊಂದು ಗಂಟೆಗೆ ಮೂರು ಗಂಟೆಯ ಪಾಲು 45 ಕಳೆದು 75 ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಚಾಲಕನಿಗೆ ಇಟ್ಟಿರುವ ಮಿತಿ 30. ಕಾಫಿ ಕುಡಿದು ಒಂದು ಗಂಟೆ ಕಾದರೂ ನಡುರಾತ್ರಿಗೆ ಅವರಲ್ಲಿ 60 ಇರುತ್ತದೆ, ಮಿತಿಯ ಎರಡು ಪಟ್ಟು. 30ಕ್ಕೆ ಇಳಿಯುವಾಗ ಗಂಟೆ ಎರಡು, ಪೂರ್ತಿ ಖಾಲಿಯಾಗುವಾಗ ಬೆಳಗಿನ ನಾಲ್ಕು. ಯಕೃತ್ತು ನಿಧಾನವಾಗಿ ಕೆಲಸ ಮಾಡುವವರಲ್ಲಿ ಗಂಟೆಗೆ 10 ಮಿಲಿಗ್ರಾಂ ಮಾತ್ರ ಇಳಿಯುತ್ತದೆ. ಅಂಥವರು 30ಕ್ಕೆ ಬರುವಾಗ ಬೆಳಗಿನ ಐದು, ಖಾಲಿಯಾಗುವಾಗ ಎಂಟು. ಯಾರು ಯಾವ ಗುಂಪಿನವರೆಂದು ಹೊರಗಿನಿಂದ ತಿಳಿಯುವ ದಾರಿಯಿಲ್ಲದ ಕಾರಣ ನಾನು ಲೆಕ್ಕ ಹಾಕುವುದು ಯಾವಾಗಲೂ ಹತ್ತರಲ್ಲಿಯೇ. ಅದೇ ಮಂಟಪದಲ್ಲಿ 50 ಕಿಲೋ ತೂಕದ ಅತ್ತೆ ಎರಡೇ ಲಾರ್ಜ್ ಕುಡಿದಿದ್ದರೂ ಆರಂಭದ ಲೆಕ್ಕ 130ನ್ನು ದಾಟುತ್ತದೆ, ಮಾವನ ಮೂರಕ್ಕಿಂತ ಹೆಚ್ಚು.

ಈ ಲೆಕ್ಕ ಒಂದು ಅಂದಾಜು ಮಾತ್ರ. ಗಾಡಿ ಓಡಿಸಬಾರದು ಎಂದು ತೀರ್ಮಾನಿಸಲು ಇದು ಸಾಕು, ಓಡಿಸಬಹುದು ಎಂದು ಅಪ್ಪಣೆ ಕೊಡಲು ಸಾಲದು. ಇದರಲ್ಲಿ ಎಡವುವ ಜಾಗವೊಂದಿದೆ. ಹೊಟ್ಟೆ ತುಂಬ ಪಂದಿಕರಿ, ಕಡಂಬುಟ್ಟು ತಿಂದು ಕುಡಿದವರಲ್ಲಿ ಮದ್ಯ ಕರುಳಿಗೆ ಇಳಿಯುವುದು ತಡವಾಗುತ್ತದೆ. ಏರಿಕೆ ಮೃದುವಾಗುವುದು ನಿಜ, ಆದರೆ ಹೊರಡುವ ಮುನ್ನ ಕುಡಿದ ಕೊನೆಯ ಪೆಗ್ ಇನ್ನೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಂಟಪದ ಬಾಗಿಲಲ್ಲಿ ಸ್ಥಿರವಾಗಿ ನಿಂತಿದ್ದವರು ಅರ್ಧ ದಾರಿಯಲ್ಲಿ, ತೋಟಗಳ ನಡುವಿನ ತಿರುವುಗಳಲ್ಲಿ, ಇನ್ನಷ್ಟು ಅಮಲೇರಿದ ಸ್ಥಿತಿಯಲ್ಲಿರುವ ಸಾಧ್ಯತೆಯಿದೆ. ಮೊದಲೇ ಕಾಫಿ ಕುಡಿದಿರುವುದರಿಂದ ಅದು ಅವರ ಅರಿವಿಗೆ ಬರುವುದಿಲ್ಲ. ಪೊಲೀಸರ ಉಪಕರಣಕ್ಕೆ ಮಾತ್ರ ತಿಳಿಯುತ್ತದೆ, ಏಕೆಂದರೆ ಅದು ಅಳೆಯುವುದು ಶ್ವಾಸಕೋಶದಿಂದ ಬಂದ ಉಸಿರಿನ ಮದ್ಯವನ್ನು, ಬಾಯಿಯ ವಾಸನೆಯನ್ನಲ್ಲ.

ಎನರ್ಜಿ ಡ್ರಿಂಕ್ ಬೆರೆಸಿದಾಗ

ಕಾಫಿ ಕುಡಿಯುವುದು ಪಾನಗೋಷ್ಠಿ ಮುಗಿದ ಮೇಲೆ. ಹೋಮ್‌ಸ್ಟೇಗಳಲ್ಲಿ ಕ್ಯಾಂಪ್‌ಫೈರ್ ಸುತ್ತ ಕುಳಿತ ಯುವಕರು ವೋಡ್ಕಾಕ್ಕೋ ರಮ್ಮಿಗೋ ಎನರ್ಜಿ ಡ್ರಿಂಕ್ ಬೆರೆಸುವುದು ಮೊದಲ ಲೋಟದಿಂದಲೇ, ಮತ್ತು ಅಪಾಯ ದೊಡ್ಡದಾಗುವುದು ಅಲ್ಲಿಯೇ. ಆ ಡಬ್ಬಿಯಲ್ಲಿ ವಿಶೇಷ ಶಕ್ತಿಯೇನೂ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇಂಥ ಪಾನೀಯದ ಒಂದು ಲೀಟರಿನಲ್ಲಿ ಕೆಫೀನ್ 300 ಮಿಲಿಗ್ರಾಂ ಮೀರುವಂತಿಲ್ಲ. 250 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ, ಒಂದು ಒಳ್ಳೆಯ ಕಾಫಿಯಷ್ಟು. ಮೋಸ ಇರುವುದು ಬೇರೆ ಕಡೆ. ಸಿಹಿಯೂ ತಣ್ಣಗಿನ ನೊರೆಯೂ ಮದ್ಯದ ಘಾಟನ್ನು ಮರೆಸುತ್ತವೆ. ಮೂರನೆಯ ಲೋಟಕ್ಕೆ ಬರಬೇಕಾದ ತೂಕಡಿಕೆ, "ಸಾಕು, ಮಲಗು" ಎಂದು ದೇಹವೇ ಕೊಡುವ ಸೂಚನೆ, ಬರುವುದೇ ಇಲ್ಲ. ಹಾಗಾಗಿ ನಾಲ್ಕನೆಯದೂ ಐದನೆಯದೂ ಒಳಗೆ ಹೋಗುತ್ತವೆ.

ಬ್ರೆಜಿಲ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಯುವಕರಿಗೆ ಬರೀ ಮದ್ಯವನ್ನೂ ಎನರ್ಜಿ ಡ್ರಿಂಕ್ ಬೆರೆಸಿದ ಮದ್ಯವನ್ನೂ ಬೇರೆ ಬೇರೆ ದಿನಗಳಲ್ಲಿ ಕೊಟ್ಟು ಪರೀಕ್ಷಿಸಲಾಗಿತ್ತು. ಬೆರಕೆ ಕುಡಿದ ದಿನ ಅವರು ತಲೆನೋವು ಕಡಿಮೆ, ನಿಶ್ಶಕ್ತಿ ಕಡಿಮೆ, ಕೈಕಾಲು ಹೆಚ್ಚು ಹಿಡಿತದಲ್ಲಿದೆ ಎಂದರು. ಅಳೆದು ನೋಡಿದಾಗ ಕೈಕಾಲಿನ ಹೊಂದಾಣಿಕೆಯಾಗಲಿ, ಕಣ್ಣಿಗೆ ಕಂಡದ್ದಕ್ಕೆ ಪ್ರತಿಕ್ರಿಯಿಸುವ ವೇಗವಾಗಲಿ, ಉಸಿರಿನ ಮದ್ಯವಾಗಲಿ ಉತ್ತಮಗೊಂಡಿರಲಿಲ್ಲ. ಕೆಫೀನನ್ನೂ ಮದ್ಯವನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರ ನವೆಂಬರಿನಲ್ಲಿ ಎಚ್ಚರಿಕೆ ಪತ್ರ ಕಳುಹಿಸಿತು. ನಾವು ಆ ಬೆರಕೆಯನ್ನು ಲೋಟದಲ್ಲಿ ನಾವೇ ತಯಾರಿಸಿಕೊಳ್ಳುತ್ತಿದ್ದೇವೆ.

ಒಂದು ಸಂಗತಿ ವಿಶೇಷವಾಗಿ ನೆನಪಿರಲಿ. ರಕ್ತದ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಕೆಫೀನಿನ ಚುರುಕು ಮಾಸತೊಡಗಿದಾಗಲೂ ಬಹಳ ಕುಡಿದವರಲ್ಲಿ ಮದ್ಯ ಇನ್ನೂ ಇರುತ್ತದೆ. ಅದುವರೆಗೆ ತಡೆಹಿಡಿದಿದ್ದ ನಿದ್ದೆ ಸ್ಟಿಯರಿಂಗ್ ಹಿಡಿದಿರುವಾಗಲೇ ಒಮ್ಮೆಗೇ ಮೇಲೆರಗಬಹುದು.

ಮನೆಯವರು ಮಾಡಬೇಕಾದದ್ದು

ಗೋಷ್ಠಿ ಶುರುವಾಗುವ ಮುನ್ನ ಕೀಲಿಗಳನ್ನು ಒಂದೆಡೆ ತೆಗೆದಿಡಿ. ಅಮಲೇರಿದ ಮೇಲೆ ಕೇಳಿದರೆ ಜಗಳವಾಗುತ್ತದೆ. ಪೆಗ್ಗಿನ ಅಳತೆ ಲೋಟವನ್ನು ಮೇಜಿನ ಮೇಲಿಡಿ, ಬೆರಳಳತೆ ಬೇಡ. ಎನರ್ಜಿ ಡ್ರಿಂಕಿನ ಬದಲು ನೀರು, ಸೋಡಾ ಇಡಿ. ಊಟವನ್ನು ಮೊದಲು ಬಡಿಸಿ, ಕುಡಿದಾದ ಮೇಲೆ ಬಡಿಸಿದ ಊಟ ರಕ್ತಕ್ಕೆ ಸೇರಿಹೋದ ಮದ್ಯವನ್ನು ಹೀರಿಕೊಳ್ಳುವುದಿಲ್ಲ. ಮಲಗಲು ಒಂದು ಕೋಣೆ, ಹಾಸಿಗೆ, ಕಂಬಳಿ ಸಿದ್ಧವಿರಲಿ. ಕಾಫಿ ಬೆಳಿಗ್ಗೆ ಕೊಡಿ. ರಾತ್ರಿ ಕೊಟ್ಟರೆ ಮಲಗಬೇಕಾದವರು ಎದ್ದು ಕೂರುತ್ತಾರೆ.

ಕುಡಿದು ಮಲಗಿದವರನ್ನು ಹೆಸರು ಹಿಡಿದು ಕರೆದು, ಭುಜ ಅಲುಗಿಸಿ ನೋಡಿ. ಎಚ್ಚರವಾಗದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಉಸಿರಾಡುತ್ತಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಬಿಡುವು ಬೀಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಅಥವಾ ಮೈ ತಣ್ಣಗಾಗಿದ್ದರೆ, ಇವುಗಳಲ್ಲಿ ಒಂದಿದ್ದರೂ ಅದು ನಿದ್ದೆಯಲ್ಲ, ಮದ್ಯದ ವಿಷವೇರಿಕೆ. ಆಗ ಬಾಯಿಗೆ ಕಾಫಿಯನ್ನಾಗಲಿ ನೀರನ್ನಾಗಲಿ ಹೊಯ್ಯಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ವಾಂತಿ ಮಾಡಿಸಲು ಹೋಗಬೇಡಿ, ತಣ್ಣೀರು ಎರಚಬೇಡಿ. ಕುಡಿದವರ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ಡಿಸೆಂಬರಿನ ಮಡಿಕೇರಿ ಚಳಿಯಲ್ಲಿ ಅದು ಇನ್ನೂ ಅಪಾಯ. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲನ್ನು ಮುಂದಕ್ಕೆ ಮಡಚಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆಗಿರುವಂತೆ ಮಲಗಿಸಿ, ಕಂಬಳಿ ಹೊದಿಸಿ 108ಕ್ಕೆ ಕರೆ ಮಾಡಿ. ತೋಟದ ಒಳದಾರಿಯಲ್ಲಿ ಮನೆ ಇದ್ದರೆ ಟಾರ್ಚ್ ಕೊಟ್ಟು ಒಬ್ಬರನ್ನು ಮುಖ್ಯ ರಸ್ತೆಗೆ ಕಳುಹಿಸಿ, ಇನ್ನೊಬ್ಬರು ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲಿ ಕುಳಿತು ಉಸಿರು ಎಣಿಸುತ್ತಿರಲಿ.