ಲ್ಯಾಪೆಲ್ ತಾನಾಗಿ ಹೊರಳಬೇಕೆಂದರೆ: ಕೈಹೊಲಿಗೆಯ ಕ್ಯಾನ್ವಾಸ್, ನನ್ನ ಅನುಭವ

ಜಾಕೆಟ್‌ನ ಮುಂಭಾಗದಲ್ಲಿ ಕಾಲರ್‌ನ ಕೆಳಗೆ ಎದೆಯ ಮೇಲೆ ಹೊರಳಿ ಕೂರುವ ಭಾಗವೇ ಲ್ಯಾಪೆಲ್. ಅದನ್ನು ಇಸ್ತ್ರಿಯಿಂದ ಮಡಿಸಿ ಕೂರಿಸುವುದು ಸುಲಭ. ಆದರೆ ಆ ಮಡಿಕೆ ಚೂಪಾಗಿರುತ್ತದೆ, ಎದೆಯ ಮೇಲೆ ಚಪ್ಪಟೆಯಾಗಿ ಬೀಳುತ್ತದೆ. ಮೇಲಿನ ಗುಂಡಿಯ ಹತ್ತಿರ ಶುರುವಾಗಿ ಕುತ್ತಿಗೆಯವರೆಗೆ ಮೆತ್ತಗೆ ದುಂಡಾಗಿ ಹೊರಳುವ ಲ್ಯಾಪೆಲ್ ಬೇಕಿದ್ದರೆ ಆ ಹೊರಳನ್ನು ಒಳಗಿನ ಕ್ಯಾನ್ವಾಸ್‌ಗೇ ಹೊಲಿಯಬೇಕು. ಮಧ್ಯಮ ದಪ್ಪದ ಉಣ್ಣೆ ಬಟ್ಟೆಯಲ್ಲಿ ಎರಡು ಗುಂಡಿಯ ಜಾಕೆಟ್ ಒಂದಕ್ಕೆ ನಾನು ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳಸಿದ್ದು ಪ್ರಾಣಿಯ ಕೂದಲು ಬೆರೆಸಿ ನೇಯ್ದ ಕ್ಯಾನ್ವಾಸ್. ಅಂಟಿಸುವ ಬಕ್ರಂ ಈ ಕೆಲಸಕ್ಕೆ ಆಗುವುದಿಲ್ಲ. ಕ್ಯಾನ್ವಾಸ್‌ನಲ್ಲಿ ಕೂದಲಿರುವುದು ಅಡ್ಡ ಎಳೆಯಲ್ಲಿ. ಅದಕ್ಕೇ ಅಡ್ಡಕ್ಕೆ ಬಗ್ಗಿಸಿದರೆ ಅದು ಪುಟಿಯುತ್ತದೆ, ಉದ್ದಕ್ಕೆ ಮೆತ್ತಗೆ ಇಳಿಬೀಳುತ್ತದೆ. ಜಾಕೆಟ್‌ನ ಮುಂಭಾಗದ ಉದ್ದೆಳೆಗೆ ಕ್ಯಾನ್ವಾಸ್‌ನ ಉದ್ದೆಳೆ ಸರಿಹೊಂದುವಂತೆ ಕತ್ತರಿಸಿದೆ. ಅದಕ್ಕೂ ಮೊದಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿದ್ದೆ. ಈ ಹಂತ ಬಿಟ್ಟರೆ ಮುಂದೆ ಹಬೆ ತಗಲಿದಾಗ ಕ್ಯಾನ್ವಾಸ್ ಕುಗ್ಗಿ, ಬಟ್ಟೆ ಅಲ್ಲಲ್ಲಿ ಉಬ್ಬುತ್ತದೆ.

ಎದೆಗೆ ಇನ್ನೊಂದು ಪದರ ಗಟ್ಟಿ ಕ್ಯಾನ್ವಾಸ್ ಇರುತ್ತದಲ್ವಾ, ಅದನ್ನು ಹೊರಳುವ ಗೆರೆಗಿಂತ ಸುಮಾರು 1.5 ಸೆಂ.ಮೀ. ಹಿಂದೆಯೇ ನಿಲ್ಲಿಸಿದೆ. ಅದು ಗೆರೆ ದಾಟಿದರೆ ಲ್ಯಾಪೆಲ್ ಬುಡ ದಪ್ಪವಾಗುತ್ತದೆ, ಹೊರಳು ಬಿಗಿಯುತ್ತದೆ.

ಉದ್ದುದ್ದ ಕಚ್ಚಾ ಹೊಲಿಗೆಯಿಂದ ಬಟ್ಟೆಯನ್ನು ಕ್ಯಾನ್ವಾಸ್‌ಗೆ ಕೂಡಿಸಿದ ಮೇಲೆ ಹೊರಳುವ ಗೆರೆಯನ್ನು ಕ್ಯಾನ್ವಾಸ್ ಮೇಲೆ ಚಾಕಿನಿಂದ ಎಳೆದೆ. ಮೇಲಿನ ಗುಂಡಿಗಿಂತ 1 ಸೆಂ.ಮೀ. ಮೇಲಿಂದ ಕುತ್ತಿಗೆಯವರೆಗೆ ಅದು 34 ಸೆಂ.ಮೀ. ಬಂತು. ಈ ಗೆರೆ ಬಟ್ಟೆಯ ಎಳೆಗೆ ಓರೆಯಾಗಿ ಹೋಗುವುದರಿಂದ ಹಿಗ್ಗುವುದು ಸಹಜ. ಹಿಗ್ಗಿದರೆ ಲ್ಯಾಪೆಲ್ ಎದೆಯಿಂದ ಬಿಟ್ಟುಕೊಂಡು ಬಾಯಿ ತೆರೆದು ನಿಲ್ಲುತ್ತದೆ. ಅದನ್ನು ತಡೆಯಲು ಗೆರೆಯಿಂದ ಎದೆಯ ಕಡೆಗೆ 1 ಸೆಂ.ಮೀ. ಬಿಟ್ಟು ಒಂದು ಹತ್ತಿ ಟೇಪ್ ಹೊಲಿದೆ. ಟೇಪನ್ನೂ ಮೊದಲೇ ನೆನೆಸಿ ಒಣಗಿಸಿದ್ದೆ.

ಟೇಪ್ ಗೆರೆಗಿಂತ ಸ್ವಲ್ಪ ಗಿಡ್ಡ ಇರಬೇಕು. ನಾನು 8 ಮಿ.ಮೀ. ಗಿಡ್ಡ ಇಟ್ಟೆ. ಈ ಬಿಗಿತವನ್ನು ಇಡೀ ಗೆರೆಗೆ ಸಮನಾಗಿ ಹಂಚಲಿಲ್ಲ. ಗೆರೆಯನ್ನು ಮೂರು ಭಾಗ ಮಾಡಿ, ಕೆಳಗಿನ ಮತ್ತು ಮೇಲಿನ ಭಾಗದಲ್ಲಿ ಟೇಪನ್ನು ಎಳೆಯದೆ ಕೂರಿಸಿದೆ. ನಡುವಿನ ಭಾಗದಲ್ಲಿ ಮಾತ್ರ ಎಳೆದು, ಬಟ್ಟೆಯ ಹೆಚ್ಚಳವನ್ನು ಅದರಡಿ ಸೇರಿಸಿದೆ. ಎದೆಯ ಉಬ್ಬು ಇರುವುದು ಅಲ್ಲೇ. ಆಮೇಲೆ ಹಬೆ ಕೊಟ್ಟಾಗ ಆ ಸಣ್ಣ ನೆರಿಗೆಗಳು ಬಟ್ಟೆಯೊಳಗೇ ಕರಗಿದವು. ಉಣ್ಣೆ ಹೀಗೆ ಕುಗ್ಗಿ ಕೊಡುತ್ತದೆ. ತೆಳ್ಳಗೆ ಬಿಗಿಯಾಗಿ ನೇಯ್ದ ಬಟ್ಟೆ ಇಷ್ಟು ಕೊಡುವುದಿಲ್ಲ, ಅದಕ್ಕೆ 5 ಮಿ.ಮೀ. ಸಾಕು. ಹಬೆ ಕೊಟ್ಟ ಮೇಲೂ ಟೇಪ್ ಪಕ್ಕದಲ್ಲಿ ಸುಕ್ಕು ಉಳಿದಿದ್ದರೆ ಎಳೆತ ಜಾಸ್ತಿಯಾಗಿದೆ ಎಂದೇ ಅರ್ಥ. ಬಿಚ್ಚಿ ಸಡಿಲಿಸಬೇಕು.

ಇನ್ನು ಪ್ಯಾಡ್ ಸ್ಟಿಚ್. ಇದು ಕ್ಯಾನ್ವಾಸನ್ನು ಬಟ್ಟೆಗೆ ಕಚ್ಚಿಸುವ ಹೊಲಿಗೆ ಎಂದಷ್ಟೇ ಎಣಿಸಿದರೆ ಇದರ ಅರ್ಧ ಕೆಲಸ ಕೈಬಿಟ್ಟು ಹೋಗುತ್ತದೆ. ಒಂದು ನೋಟ್‌ಬುಕ್ ಬಗ್ಗಿಸಿ ನೋಡಿ. ಹೊರಗಿನ ಹಾಳೆ ಹೆಚ್ಚು ದೂರ ಸುತ್ತಿ ಬರಬೇಕು, ಹಾಗಾಗಿ ಅದರ ಅಂಚು ಒಳಗಿನ ಹಾಳೆಗಿಂತ ಹಿಂದೆ ಸರಿಯುತ್ತದೆ. ಲ್ಯಾಪೆಲ್ ಹೊರಳಿದಾಗ ಮುಂಭಾಗದ ಬಟ್ಟೆ ಒಳಗೆ, ಎದೆಯ ಕಡೆಗೆ ಇರುತ್ತದೆ. ಕ್ಯಾನ್ವಾಸ್ ಅದರ ಹೊರಗಿರುತ್ತದೆ. ಬಗ್ಗಿಸಿ ಹಿಡಿದ ಸ್ಥಿತಿಯಲ್ಲೇ ಎರಡನ್ನೂ ಹೊಲಿದರೆ ಅವು ಆ ಬಾಗನ್ನು ಮರೆಯುವುದಿಲ್ಲ. ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಹೊಲಿದರೆ, ಹೊಲಿಗೆ ಎಷ್ಟೇ ಅಂದವಾಗಿರಲಿ, ಲ್ಯಾಪೆಲ್ ಚಪ್ಪಟೆಯಾಗಿಯೇ ಇರುತ್ತದೆ.

ಹಾಗಾಗಿ ಕ್ಯಾನ್ವಾಸ್ ಮೇಲೆ ಬರುವಂತೆ ಲ್ಯಾಪೆಲ್ ಅನ್ನು ಎಡಗೈಯ ತೋರುಬೆರಳ ಮೇಲೆ ಹೊರಳಿಸಿ ಹಿಡಿದೆ. ಹೊರಳುವ ಗೆರೆಗೆ ತಾಗಿ ಮೊದಲ ಸಾಲು ಶುರು. ಗಿಡ್ಡ ಸಪೂರ ಸೂಜಿ, ಬಟ್ಟೆಯದೇ ಬಣ್ಣದ ರೇಷ್ಮೆ ದಾರ. ಸೂಜಿಯನ್ನು ಸಾಲಿಗೆ ಅಡ್ಡವಾಗಿ ಚುಚ್ಚಿ, ಕ್ಯಾನ್ವಾಸನ್ನು ದಾಟಿ ಬಟ್ಟೆಯ ಒಂದೆರಡು ಎಳೆ ಮಾತ್ರ ಹಿಡಿದು ಹೊರಗೆ ತೆಗೆಯಬೇಕು. ಕೆಳಗಿರುವ ಬೆರಳಿಗೆ ಸೂಜಿ ಮೊನೆ ಸವರಿದಂತೆ ತಿಳಿದರೆ ಸಾಕು, ಬಟ್ಟೆ ಸಿಕ್ಕಿದೆ. ಒಂದು ಸಾಲು ಕೆಳಗೆ ಹೋಗುತ್ತದೆ, ಮುಂದಿನದು ಕೆಲಸ ತಿರುಗಿಸದೆ ಮೇಲೆ ಬರುತ್ತದೆ. ಹೀಗಾಗಿ ಓರೆ ಹೊಲಿಗೆಗಳು ಒಂದು ಸಾಲಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ವಾಲುತ್ತವೆ. ಪ್ರತಿ ಹೊಲಿಗೆಗೂ ಹೆಬ್ಬೆರಳಿಂದ ಕ್ಯಾನ್ವಾಸನ್ನು ಹೊರಳುವ ಗೆರೆಯ ಕಡೆಗೆ ತುಸು ತಳ್ಳುತ್ತಿದ್ದೆ.

ದಾರ ಎಳೆಯುವುದರಲ್ಲಿ ತುಂಬಾ ಜೋಪಾನ ಬೇಕು. ದಾರ ಕ್ಯಾನ್ವಾಸ್ ಮೇಲೆ ಸುಮ್ನೆ ಮಲಗಿರಬೇಕು. ಬಿಗಿದರೆ ಬಟ್ಟೆಯ ಕಡೆ ಗುಳಿ ಬೀಳುತ್ತದೆ. ಲ್ಯಾಪೆಲ್‌ನ ಅಡಿಯಲ್ಲಿ ಸೂಜಿಮೊನೆಯಷ್ಟು ಚುಕ್ಕೆ ಕಂಡರೆ ತೊಂದರೆಯಿಲ್ಲ, ಆ ಬದಿ ಕಾಣುವುದಿಲ್ಲ. ಆದರೆ ಗುಳಿ ಬಿದ್ದರೆ ಇಸ್ತ್ರಿಯಿಂದಲೂ ಅದು ಹೋಗುವುದಿಲ್ಲ.

ಗೆರೆಯ ಹತ್ತಿರ ಹೊಲಿಗೆಗಳು 1 ಸೆಂ.ಮೀ. ಉದ್ದವಿದ್ದವು. ಅಲ್ಲಿ ಮೆತ್ತಗಿರಬೇಕು. ತುದಿಯ ಕಡೆ ಹೋದಂತೆ 5 ಮಿ.ಮೀ.ಗೆ ಇಳಿಸಿ, ಸಾಲುಗಳನ್ನೂ ಹತ್ತಿರ ತಂದೆ. ಮೂಲೆಯಲ್ಲಿ ಬೆರಳನ್ನು ಇನ್ನಷ್ಟು ಬಾಗಿಸಿ ಹಿಡಿದೆ, ಯಾಕೆಂದರೆ ಲ್ಯಾಪೆಲ್‌ನ ಮೂಲೆ ಎದೆಯ ಕಡೆಗೆ ಬಾಗಿರಬೇಕು. ಅಂಚಿನ ಹೊಲಿಗೆ ಗೆರೆ ಬಂದಲ್ಲಿ ನಿಲ್ಲಿಸಿದೆ. ಅದರಾಚೆ ಮಾರ್ಜಿನ್‌ಗೆ ಪ್ಯಾಡ್ ಸ್ಟಿಚ್ ಬೇಡ.

ಮುಗಿಯುವ ಹೊತ್ತಿಗೆ ಲ್ಯಾಪೆಲ್ ಸ್ವಲ್ಪ ಚಿಕ್ಕದಾಗಿರುತ್ತದೆ, ಬಟ್ಟೆಯ ಅಂಚು ಕ್ಯಾನ್ವಾಸ್‌ಗಿಂತ ಹೊರಗೆ ಬಂದಿರುತ್ತದೆ. ಅದಕ್ಕೇ ಪ್ಯಾಟರ್ನ್ ಮತ್ತೆ ಇಟ್ಟು ಅಂಚಿನ ಗೆರೆ ಹೊಸದಾಗಿ ಎಳೆದೆ. ಮೊದಲ ಗೆರೆಯನ್ನೇ ನಂಬಿದರೆ ಎಡ ಬಲ ಲ್ಯಾಪೆಲ್ ಒಂದೇ ಅಳತೆಗೆ ಬರುವುದು ಕಷ್ಟ. ಆಮೇಲೆ ಕ್ಯಾನ್ವಾಸನ್ನು ಹೊಸ ಗೆರೆಗಿಂತ 2 ಮಿ.ಮೀ. ಒಳಗೆ ಕತ್ತರಿಸಿ, ಅಂಚಿಗೂ ಟೇಪ್ ಹೊಲಿದೆ.

ಇಸ್ತ್ರಿಯನ್ನು ಲ್ಯಾಪೆಲ್ ಅಂಚಿಂದ ಒಳಗೆ ತಂದು, ಹೊರಳುವ ಗೆರೆಗೆ 2.5 ಸೆಂ.ಮೀ. ಇರುವಾಗಲೇ ನಿಲ್ಲಿಸಬೇಕು. ಗೆರೆಗೆ ಬರೀ ಹಬೆ ಕೊಟ್ಟು, ಕೈಯಿಂದ ಹೊರಳಿಸಿ, ಪೂರ್ತಿ ತಣ್ಣಗಾಗುವವರೆಗೆ ಹಾಗೇ ಬಿಟ್ಟೆ. ನಂತರ ಮುಂಭಾಗವನ್ನು ಭುಜದ ಕಡೆಯಿಂದ ಹಿಡಿದೆತ್ತಿ ನೋಡಿದೆ. ಕೈ ತಾಗಿಸದೆಯೇ ಲ್ಯಾಪೆಲ್ ಹೊರಳಿ ಬಿದ್ದರೆ ಕೆಲಸ ಸರಿಯಾಗಿದೆ. ಮೂಲೆ ಮೇಲಕ್ಕೆ ಎದ್ದರೆ ಅಲ್ಲಿ ಬಾಗಿಸಿ ಹೊಲಿದಿಲ್ಲ ಎಂದು ತಿಳಿಯಿರಿ. ಆ ಸಾಲುಗಳನ್ನಷ್ಟೇ ಬಿಚ್ಚಿ ಮತ್ತೆ ಹಾಕಬಹುದು.

ಈ ಎಲ್ಲ ಶ್ರಮವನ್ನು ಫೇಸಿಂಗ್, ಅಂದರೆ ಕ್ಯಾನ್ವಾಸನ್ನು ಮುಚ್ಚಿ ಲ್ಯಾಪೆಲ್‌ನ ಮೇಲೆ ಕಾಣುವ ಬಟ್ಟೆ, ಒಂದೇ ಕೆಡಿಸಿಬಿಡಬಲ್ಲದು. ಅದು ಎಲ್ಲಕ್ಕಿಂತ ಹೊರಗಿನ ಪದರ, ಹಾಗಾಗಿ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಉದ್ದ ಬೇಕು. ಬಿಗಿಯಾಗಿ ಕೂರಿಸಿದರೆ ಮೂಲೆಯನ್ನು ಹೊರಕ್ಕೆ ಎಳೆಯುತ್ತದೆ. ನಾನು ಮೂಲೆಯಲ್ಲೂ ಹೊರಳಿನ ಮೇಲೂ ಸುಮಾರು 3 ಮಿ.ಮೀ. ಸಡಿಲ ಬಿಟ್ಟು, ಲ್ಯಾಪೆಲ್ ಅನ್ನು ಹೊರಳಿಸಿ ಹಿಡಿದೇ ಕಚ್ಚಾ ಹೊಲಿಗೆ ಹಾಕಿದೆ. ದಪ್ಪ ಬಟ್ಟೆಗೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಹೊರಳಿನ ಉದ್ದಕ್ಕೂ ಹಾಕಿದ ಆ ಕಚ್ಚಾ ಹೊಲಿಗೆಯನ್ನು ಕಾಲರ್ ಕೂಡಿಸಿ ಕೊನೆಯ ಇಸ್ತ್ರಿ ಮುಗಿಯುವವರೆಗೂ ಬಿಚ್ಚಲಿಲ್ಲ.