ಮೊದಲು ಕಾಯಿಲ್ ತೊಳೆಯಿರಿ, ಗೇಜ್ ಆಮೇಲೆ

ಶಿವರಾತ್ರಿ ಬಂತೆಂದರೆ ಚಳಿ ಶಿವ ಶಿವ ಅಂತ ಹೋಗುತ್ತೆ ಅಂತಾರೆ. ಹುಬ್ಬಳ್ಳಿಯಲ್ಲಿ ಚಳಿ ಹೋದ ಮರುವಾರವೇ ಎಸಿ ರಿಪೇರಿ ಹುಡುಗರು ಕೈಗೆ ಸಿಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಫೆಬ್ರುವರಿಯಲ್ಲೇ ಎಸಿ ತೊಳೆಸುವ ರೂಢಿ. ರಂಗಪಂಚಮಿ ಮುಗಿದ ಮೇಲೆ ಹೊರಗಿನ ಯೂನಿಟ್‌ಗೆ ಮತ್ತೊಮ್ಮೆ ಒಣ ಬ್ರಷ್ ಆಡಿಸುತ್ತೇನೆ. ನಮ್ಮ ಓಣಿಯ ಹುಡುಗರು ಎರಚುವ ಬಣ್ಣದ ಪುಡಿಯಲ್ಲಿ ಕಾಲುಭಾಗ ಅದರ ಹೊಟ್ಟೆಗೇ ಹೋಗುತ್ತೆ.

ಎರಡು ವರ್ಷದ ಹಿಂದೆ ನಡೆದದ್ದು ಹೇಳುತ್ತೇನೆ. ಮಗನ ಕೋಣೆಯಲ್ಲಿ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಇದೆ, ಒಳಗಿರುವುದು ಆರ್‌-32 ಗ್ಯಾಸ್. ಗಾಳಿ ತಂಪಾಗಿ ಬರುತ್ತಿತ್ತು, ಆದರೆ ಕೋಣೆ ತಂಪಾಗುತ್ತಿರಲಿಲ್ಲ. ಬಂದ ಹುಡುಗ ಹೊರಗಿನ ಯೂನಿಟ್‌ಗೆ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿದ. ಮುಳ್ಳು 95 ಪಿಎಸ್‌ಐ ಹತ್ತಿರ ನಿಂತಿತು. "ಕಾಕಾರ, ಗ್ಯಾಸ್ ಕಡಿಮಿ ಆಗೇತ್ರಿ. ತುಂಬಬೇಕ್ರಿ" ಅಂದ. ಖರ್ಚು ಮೂರು ಸಾವಿರದ ಹತ್ತಿರ. ನಾನು ಒಳಗಿನ ಯೂನಿಟ್‌ನ ಮುಚ್ಚಳ ಎತ್ತಿದೆ. ಜಾಳಿಯ ಹಿಂದೆ, ಗ್ಯಾಸ್ ಓಡುವ ಕೊಳವೆಗಳ ಕಾಯಿಲ್ ಮೇಲೆ ಧೂಳು ಕಂಬಳಿ ಹೊದಿಸಿದಂತೆ ಕೂತಿತ್ತು. "ತಮ್ಮಾ, ಮೊದಲು ಇದನ್ನ ತೊಳಿ. ಗೇಜ್ ಆಮೇಲೆ ಹಚ್ಚು" ಅಂದೆ. ತೊಳೆದು ಒಣಗಿಸಿ ಮತ್ತೆ ಹಚ್ಚಿದಾಗ ಅದೇ ಮುಳ್ಳು 128 ತೋರಿಸಿತು. ಒಂದು ಗ್ರಾಮ್ ಗ್ಯಾಸೂ ಹಾಕಿರಲಿಲ್ಲ.

ಇದರಲ್ಲಿ ಜಾದೂ ಏನಿಲ್ಲ. ಕೋಣೆಯ ಬಿಸಿಗಾಳಿ ಕಾಯಿಲ್‌ಗೆ ತಗುಲಿದರೆ ತಾನೆ ಒಳಗೆ ದ್ರವವಾಗಿರುವ ಗ್ಯಾಸ್ ಕುದಿಯುವುದು? ಧೂಳು ಗಾಳಿಯನ್ನು ತಡೆದರೆ ಗ್ಯಾಸ್‌ಗೆ ಬಿಸಿ ಸಿಗುವುದಿಲ್ಲ, ಒತ್ತಡ ಇಳಿಯುತ್ತೆ, ಕೊನೆಗೆ ಕಾಯಿಲ್ ಮೇಲೆ ಮಂಜು ಕಟ್ಟುತ್ತೆ. ಗ್ಯಾಸ್ ಸೋರಿದಾಗಲೂ ಗೇಜ್ ಕಡಿಮೆಯನ್ನೇ ತೋರಿಸುತ್ತೆ. ಕೊಳೆಯಿದ್ದಾಗ ಗೇಜ್ ನೋಡಿ ಗ್ಯಾಸ್ ತುಂಬಿದರೆ, ಮುಂದೆ ಕೊಳೆ ತೆಗೆದ ದಿನ ಒಳಗೆ ಗ್ಯಾಸ್ ಜಾಸ್ತಿಯಾಗಿ ಕಂಪ್ರೆಸರ್ ಹೆಣಗಾಡುತ್ತೆ.

ಇನ್ನು ತೊಳೆಯುವುದು. ಮೊದಲು ಎಂಸಿಬಿ ಇಳಿಸಿ. ರಿಮೋಟ್‌ನಿಂದ ಆಫ್ ಮಾಡಿದರೆ ಸಾಲದು. ಜಾಳಿಗಳನ್ನು ನೀವೇ ಬಚ್ಚಲಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಇದನ್ನು ಎರಡು ವಾರಕ್ಕೊಮ್ಮೆ ಮಾಡಬೇಕು, ಅದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಕಾಯಿಲ್ ತೊಳೆಯುವುದನ್ನು ಮಾತ್ರ ಗೊತ್ತಿದ್ದವರಿಗೆ ಬಿಡಿ, ಆದರೆ ಪಕ್ಕದಲ್ಲೇ ನಿಂತಿರಿ. ಒಳಗಿನ ಯೂನಿಟ್‌ನ ಒಂದು ಬದಿಯಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಸರ್ಕ್ಯೂಟ್ ಬೋರ್ಡ್ ಇರುತ್ತೆ. ಅದಕ್ಕೆ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಿದ ಮೇಲೇ ನೀರು ಹೊಡೆಯಬೇಕು. ಕೆಳಗೆ ಚೀಲ ತೂಗುಹಾಕಿದರೆ ಗೋಡೆ ಉಳಿಯುತ್ತೆ. ನೀರಿನ ರಭಸ ಜಾಸ್ತಿ ಬೇಡ. ಅಲ್ಯೂಮಿನಿಯಂ ಪಟ್ಟಿಗಳು ಹಪ್ಪಳದಷ್ಟು ತೆಳು, ಒಮ್ಮೆ ಮಡಚಿಕೊಂಡರೆ ಅಲ್ಲಿ ಗಾಳಿಯೇ ಹೋಗುವುದಿಲ್ಲ. ಬೇಗ ಬೆಳ್ಳಗಾಗುತ್ತೆ ಅಂತ ಆ್ಯಸಿಡ್ ಬೆರೆಸಿದ ನೀರು ತಂದರೆ ಬೇಡ ಅನ್ನಿ, ಅದು ಅಲ್ಯೂಮಿನಿಯಂ ತಿನ್ನುತ್ತೆ. ಬೋರ್‌ವೆಲ್ ಗಡಸು ನೀರಿಗಿಂತ ನಲ್ಲಿ ನೀರು ವಾಸಿ. ನಮ್ಮಲ್ಲಿ ನಲ್ಲಿ ನೀರು ಬಂದ ಮರುದಿನವೇ ಹುಡುಗನಿಗೆ ಬಾ ಅನ್ನುತ್ತೇನೆ.

ಕಾಯಿಲ್ ಹಿಂದಿನ ಉದ್ದನೆಯ ಬ್ಲೋವರ್ ಉರುಳೆಯನ್ನೂ ಟಾರ್ಚ್ ಹಾಕಿ ನೋಡಿ. ಅದರ ಎಲೆಗಳ ಒಳಗೆ ಕಪ್ಪು ಕಿಟ್ಟ ಕಟ್ಟಿದ್ದರೆ, ಕಾಯಿಲ್ ಎಷ್ಟು ತೊಳೆದರೂ ಗಾಳಿ ಬರುವುದಿಲ್ಲ. ಎಸಿ ಹಾಕಿದ ಕೂಡಲೇ ಬರುವ ಹಳಸಲು ವಾಸನೆಯೂ ಹೆಚ್ಚಾಗಿ ಅಲ್ಲಿಂದಲೇ. ಕೊನೆಗೆ ಕಾಯಿಲ್ ಕೆಳಗೆ ನೀರು ಹಿಡಿಯುವ ಟ್ರೇಗೆ ಒಂದು ತಂಬಿಗೆ ನೀರು ಹೊಯ್ಯಿಸಿ. ಹೊರಗಿನ ಪೈಪಿನಿಂದ ಸರಾಗ ಬಿದ್ದರೆ ಏಪ್ರಿಲ್‌ನಲ್ಲಿ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುವುದಿಲ್ಲ.

ಹೊರಗಿನ ಯೂನಿಟ್‌ನಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಹಿಂದಿನಿಂದ ಪೈಪ್ ಹಿಡಿದು ಸುಮ್ನೆ ನೀರು ಹೊಡೆಯುತ್ತಾರೆ. ಅದು ಹಿಂದಿನಿಂದಲೇ ಗಾಳಿ ಎಳೆದುಕೊಳ್ಳುತ್ತೆ, ಧೂಳೂ ಆ ಮುಖಕ್ಕೇ ಅಂಟಿರುತ್ತೆ. ಆ ಕಡೆಯಿಂದಲೇ ನೀರು ಹೊಡೆದರೆ ಧೂಳು ಕೆಸರಾಗಿ ಇನ್ನೂ ಒಳಕ್ಕೆ ಇಳಿಯುತ್ತೆ. ಮೊದಲು ಒಣ ಬ್ರಷ್‌ನಿಂದ ಪಟ್ಟಿಗಳ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಉದುರಿಸಿ. ಆಮೇಲೆ ಮುಚ್ಚಳ ಬಿಚ್ಚಿ, ಅಲ್ಲಿಯ ವೈರಿಂಗ್ ಮುಚ್ಚಿಕೊಂಡು, ಒಳಗಿನಿಂದ ಹೊರಕ್ಕೆ ನೀರು ಹೊಡೆಯಬೇಕು. ಮುಚ್ಚಳ ಬಿಚ್ಚಿದಾಗಲೇ ವೈರಿನ ತುದಿಗಳನ್ನು ನೋಡಿಸಿಬಿಡಿ. ಸುಟ್ಟು ಕಪ್ಪಾಗಿದ್ದರೆ, ಸಡಿಲಾಗಿದ್ದರೆ ಅಲ್ಲೇ ಸರಿ ಮಾಡಿಸಿ.

ತೊಳೆದ ಕೂಡಲೇ ಗೇಜ್ ಹಚ್ಚಬೇಡಿ. ಹೊರಗಿನ ಕಾಯಿಲ್ ಒದ್ದೆಯಿದ್ದರೆ ಅದೇ ತಂಪಿಗೆ ಒತ್ತಡ ಸುಳ್ಳು ಹೇಳುತ್ತೆ. ಅರ್ಧ ಗಂಟೆ ಒಣಗಲಿ, ಹುಡುಗನಿಗೆ ಒಂದು ಚಹಾ ಕೊಡಿ. ಆಮೇಲೆ ಎಸಿಯನ್ನು 16ಕ್ಕೆ ಇಟ್ಟು, ಬಾಗಿಲು ತೆರೆದು, ಹದಿನೈದು ನಿಮಿಷ ಓಡಿಸಿ. ಇನ್ವರ್ಟರ್ ಎಸಿ ಕೋಣೆ ತಂಪಾದಂತೆ ವೇಗ ಇಳಿಸುತ್ತೆ. ಪೂರ್ತಿ ವೇಗದಲ್ಲಿ ಇಲ್ಲದಾಗ ನೋಡಿದ ಅಂಕಿಗೆ ಅರ್ಥವಿಲ್ಲ. ಎಸಿ ಓಡುವಾಗ ದಪ್ಪ ಪೈಪಿನ ಕಡೆ ಆರ್‌-32ಗೆ ಸುಮಾರು 115ರಿಂದ 145 ಪಿಎಸ್‌ಐ ಸರಿಯಾದ ಲೆಕ್ಕ. ಹಳೆಯ ಆರ್‌-22 ಎಸಿಗಾದರೆ 60ರಿಂದ 75. ಹೊರಗಿನ ಬಿಸಿಲಿನ ಮೇಲೆ ಇದು ಸ್ವಲ್ಪ ಆಚೀಚೆ ಆಗುತ್ತೆ. ಕೆಲವರು ಎಸಿ ನಿಲ್ಲಿಸಿ ಗೇಜ್ ತೋರಿಸುತ್ತಾರೆ. ಆಗ 30 ಡಿಗ್ರಿ ಬಿಸಿಲಲ್ಲಿ ಆರ್‌-32 ಸುಮಾರು 265 ತೋರಿಸುತ್ತೆ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಗ್ಯಾಸ್ ಅರ್ಧವಿರಲಿ, ಪೂರ್ತಿ ಇರಲಿ, ಅಂಕಿ ಅಷ್ಟೇ. ಅದನ್ನು ನೋಡಿ ಏನೂ ತೀರ್ಮಾನಿಸಬೇಡಿ.

ನನ್ನ ಕೇಳಿದರೆ, ಸರಿಯಾಗಿ ತಂಪು ಕೊಡುವ ಎಸಿಗೆ ವರ್ಷವರ್ಷ ಗೇಜ್ ಹಚ್ಚುವುದೇ ಬೇಡ. ಹಚ್ಚಿ ಬಿಚ್ಚುವಾಗೆಲ್ಲ ಒಂದಿಷ್ಟು ಗ್ಯಾಸ್ ಪುಸ್ಸೆಂದು ಹೋಗುತ್ತೆ. ನಾನು ದುರ್ಗದ ಬೈಲ್‌ನಲ್ಲಿ ಕೊಂಡ ಸಾದಾ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಜಾಳಿಯ ಬಳಿ ಒಳಹೋಗುವ ಗಾಳಿ 30 ಇದ್ದು, ಬಾಯಿಂದ ಬರುವ ಗಾಳಿ 18ರಿಂದ 22ರ ನಡುವೆ ಇದ್ದರೆ, ಅಂದರೆ ಎಂಟರಿಂದ ಹನ್ನೆರಡು ಡಿಗ್ರಿ ವ್ಯತ್ಯಾಸವಿದ್ದರೆ, ಹುಡುಗನ ದುಡ್ಡು ಕೊಟ್ಟು ಕಳಿಸುತ್ತೇನೆ.

ಎಸಿಯ ಗ್ಯಾಸ್ ಸ್ಕೂಟರ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಗದಗಿನ ತಂಗಿಯ ಮನೆಯಲ್ಲಿ ಹಾಗೇ ಆಯಿತು. ತೊಳೆದ ಮೇಲೂ ಗೇಜ್ 80 ದಾಟಲಿಲ್ಲ, ಹೊರಗಿನ ಯೂನಿಟ್‌ನ ಸಣ್ಣ ಪೈಪಿನ ಮೇಲೆ ಬಿಳಿ ಮಂಜು ಕಟ್ಟಿತು. ಪೈಪ್ ಸೇರುವ ನಟ್ಟಿನ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿತ್ತು. ಸಾಬೂನಿನ ನೊರೆ ಹಚ್ಚಿದರೆ ಅಲ್ಲೇ ಗುಳ್ಳೆ ಎದ್ದಿತು. ಹಿಂದಿನ ಎರಡು ಬೇಸಿಗೆಯಲ್ಲೂ ಬಂದವರು ನಟ್ಟು ಮುಟ್ಟದೆ ಗ್ಯಾಸ್ ಮಾತ್ರ ತುಂಬಿ ಹೋಗಿದ್ದರು. ಈ ಸಲ ಉಳಿದ ಗ್ಯಾಸ್ ತೆಗೆಸಿ, ಪೈಪಿನ ತುದಿಯನ್ನು ನಟ್ಟಿಗೆ ಕೂರುವಂತೆ ಅಗಲಿಸಿ ಹೊಸದಾಗಿ ಫ್ಲೇರ್ ಮಾಡಿಸಿ, ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿದರು. ಆಮೇಲೆ ಯೂನಿಟ್‌ನ ಸ್ಟಿಕ್ಕರ್ ಮೇಲೆ ಬರೆದಷ್ಟೇ ಗ್ಯಾಸನ್ನು ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ತೂಗಿ ಹಾಕಿದರು. ಆರ್‌-32 ಬೆಂಕಿ ಹತ್ತುವ ಗ್ಯಾಸ್ ಅಂತ, ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ನಮ್ಮ ಭಾವನನ್ನು ನಾನೇ ಅಂಗಳಕ್ಕೆ ಕಳಿಸಿದೆ.