ರಾತ್ರಿ ಒಂದೂವರೆಗೆ ರೈಲಿಳಿದಾಗ

ಹತ್ತೂವರೆಗೆ ಬರಬೇಕಿದ್ದ ರೈಲು ಒಂದೂವರೆಗೆ ಬಂತು. ನಾನು ಒಬ್ಬಳೇ ಇದ್ದೆ. ಫೋನಿನಲ್ಲಿ 31 ಪರ್ಸೆಂಟ್ ಚಾರ್ಜ್ ಉಳಿದಿತ್ತು. ಅಲ್ಲಿಂದ ಅಕ್ಕನ ಮನೆಗೆ ಇನ್ನೂ ಮುಕ್ಕಾಲು ಗಂಟೆ ದಾರಿ.

ಮೊದಲೆಲ್ಲ ನಾನು ಜನರ ಹಿಂದೆಯೇ ಹೊರಗೆ ಬಂದು, ರಸ್ತೆಬದಿ ನಿಂತು ಕ್ಯಾಬ್ ಬುಕ್ ಮಾಡುತ್ತಿದ್ದೆ. ಆದರೆ ಅಷ್ಟು ಹೊತ್ತಿನಲ್ಲಿ ಇಳಿದವರೆಲ್ಲ ಹತ್ತೇ ನಿಮಿಷಕ್ಕೆ ಖಾಲಿಯಾಗಿಬಿಡುತ್ತಾರೆ. ಆಮೇಲೆ ಹೊರಗೆ ಉಳಿಯುವುದು ನಾವು, ಮತ್ತೆ "ಎಲ್ಲಿಗೆ ಹೋಗ್ಬೇಕು?" ಎಂದು ಹಿಂದೆ ಬರುವವರು. ಹಾಗಾಗಿ ಈಗ ಒಳಗೇ ಕಾಯುತ್ತೇನೆ. ಬೆಳಕಿದ್ದರೆ ಮಾತ್ರ ಸಾಲದು, ಡ್ಯೂಟಿಯಲ್ಲಿರುವವರು ಯಾರಾದರೂ ಕಣ್ಣಿಗೆ ಬೀಳುವ ಹಾಗಿರಬೇಕು. ಅವತ್ತು ವಿಚಾರಣೆ ಕೌಂಟರಿನ ಎದುರಿನ ಬೆಂಚಿನಲ್ಲಿ ಕೂತೆ. "ಕ್ಯಾಬ್ ಬರೋವರೆಗೂ ಇಲ್ಲೇ ಇರ್ತೀನಿ ಸರ್" ಎಂದು ಅಲ್ಲಿದ್ದವರಿಗೆ ಹೇಳಿದೆ. ನಾನು ಅಲ್ಲಿದ್ದೇನೆ ಎಂದು ಒಬ್ಬರಿಗಾದರೂ ಗೊತ್ತಿರಲಿ ಅಂತ. ವಿಮಾನದಲ್ಲಿ ಬಂದರೆ ಇದನ್ನು ಇನ್ನೂ ಬೇಗ ಯೋಚಿಸಬೇಕು. ಅಲ್ಲಿ ಸಾಮಾನ್ಯವಾಗಿ ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ.

ಪಿಕಪ್ ಪಾಯಿಂಟನ್ನು ಮುಖ್ಯ ಗೇಟಿಗೇ ಇಟ್ಟು ಬುಕ್ ಮಾಡಿದೆ. ಮೊದಲ ಡ್ರೈವರ್ ಫೋನ್ ಮಾಡಿ, ಗೇಟಿನವರೆಗೆ ಬರಲು ಆಗುವುದಿಲ್ಲ, ಸೇತುವೆ ಹತ್ತಿರ ನಡೆದು ಬನ್ನಿ ಎಂದರು. ಅವರಿಗೆ ನಿಜವಾದ ತೊಂದರೆಯೇ ಇದ್ದಿರಬಹುದು. ಆದರೂ ಕ್ಯಾನ್ಸಲ್ ಮಾಡಿದೆ. ಎರಡನೆಯ ಕಾರು ಗೇಟಿಗೆ ಬಂದಿದೆ ಎಂದು ಆ್ಯಪ್ ತೋರಿಸಿದ ಮೇಲೆಯೇ ಎದ್ದೆ. ನಂಬರ್ ಪ್ಲೇಟನ್ನು ಪೂರ್ತಿ ಓದಿ ಹೋಲಿಸಿದೆ. "ಯಾರ ಹೆಸರಲ್ಲಿ ಬುಕಿಂಗ್ ಇದೆ ಅಣ್ಣಾ?" ಎಂದು ಕೇಳಿದೆ. ನನ್ನ ಹೆಸರನ್ನು ನಾನೇ ಹೇಳಿಬಿಟ್ಟರೆ ಯಾರು ಬೇಕಾದರೂ ಹೌದು ಎನ್ನಬಹುದು, ಅಲ್ವಾ? ಒಟಿಪಿ ಹೇಳಿದ್ದು ಇದೆಲ್ಲ ಆದ ಮೇಲೆ.

ಮನೆಯವರಿಗೆ ವಿವರ ಕಳಿಸುವುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅದರ ಹಿಂದಿನ ಸಲ ಅಕ್ಕನಿಗೆ ಲೈವ್ ಲೊಕೇಶನ್ ಮಾತ್ರ ಕಳಿಸಿದ್ದೆ. ಅರ್ಧ ದಾರಿಯಲ್ಲಿ ಫೋನ್ ಆಫ್ ಆಯಿತು. ಅವಳ ಮ್ಯಾಪಿನಲ್ಲಿ ನಾನು ಒಂದು ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ನಿಂತೇ ಇದ್ದೆ. ಪಾಪ, ಅವಳ ಸ್ಥಿತಿ ಹೇಗಾಗಿರಬೇಡ.

ಲೈವ್ ಲೊಕೇಶನ್ ಹೋಗುವುದು ನನ್ನ ಫೋನಿನಿಂದ. ಕ್ಯಾಬ್ ಆ್ಯಪಿನ ಟ್ರಿಪ್ ಲಿಂಕ್ ಸಾಮಾನ್ಯವಾಗಿ ತೋರಿಸುವುದು ಡ್ರೈವರ್ ಫೋನು ಎಲ್ಲಿದೆ ಎಂಬುದನ್ನು. ನನ್ನ ಚಾರ್ಜ್ ಮುಗಿದರೂ ಕಾರು ಕಾಣುತ್ತಿರುತ್ತದೆ. ಆದರೆ ಡ್ರೈವರ್ ಟ್ರಿಪ್ ಮುಗಿಸಿದರೆ ಲಿಂಕೂ ಅಲ್ಲಿಗೆ ಮುಗಿಯಿತು. ಅದಕ್ಕೇ ಎರಡನ್ನೂ ಕಳಿಸುತ್ತೇನೆ. ವಾಟ್ಸಾಪಿನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಆಯ್ಕೆ ಇರುತ್ತದೆ. ನಾನು 8 ಗಂಟೆಯನ್ನೇ ಒತ್ತುತ್ತೇನೆ. ಸ್ವಲ್ಪ ತಡವಾದರೆ 1 ಗಂಟೆ ನಡುದಾರಿಯಲ್ಲೇ ಮುಗಿದುಹೋಗುತ್ತದೆ. ಕಾರಿನ ನಂಬರನ್ನು ಮಾತ್ರ ಬೇರೆಯಾಗಿ ಟೈಪ್ ಮಾಡುತ್ತೇನೆ. ಗಾಬರಿಯಲ್ಲಿರುವವರಿಗೆ ಸ್ಕ್ರೀನ್‌ಶಾಟ್ ಹುಡುಕಿ ತೆರೆಯುವುದಕ್ಕಿಂತ ಮೆಸೇಜ್ ನೋಡಿ ಪೊಲೀಸರಿಗೆ ಓದಿ ಹೇಳುವುದು ಸುಲಭ.

ಇಷ್ಟೆಲ್ಲ ಕಳಿಸಿದರೂ ಆ ಕಡೆಯವರು ಏನು ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಉಪಯೋಗ ಕಮ್ಮಿ. ಕಾರು ಹೊರಟಾಗ 1:55. "2:40ಕ್ಕೆ ಬರ್ತೀನಿ. 2:50 ಆದ್ರೂ ಬರ್ಲಿಲ್ಲ ಅಂದ್ರೆ ಫೋನ್ ಮಾಡು. ಎರಡು ಸಲ ಎತ್ತದಿದ್ರೆ ಪೊಲೀಸರಿಗೆ ಹೇಳು" ಎಂದು ಅಕ್ಕನಿಗೆ ಬರೆದೆ. ಡ್ರೈವರ್‌ಗೆ ಫೋನ್ ಮಾಡು ಎಂದು ಬರೆಯಲಿಲ್ಲ. ಎಷ್ಟೋ ಆ್ಯಪ್‌ಗಳು ಡ್ರೈವರ್‌ನ ನಿಜವಾದ ನಂಬರ್ ಕೊಡುವುದಿಲ್ಲ. ಅವು ತೋರಿಸುವ ನಂಬರಿಗೆ ಬುಕ್ ಮಾಡಿದವರ ಫೋನಿನಿಂದ ಮಾತ್ರ ಕರೆ ಹೋಗುತ್ತದೆ. ಇದು ಗೊತ್ತಿಲ್ಲದೆ ಮನೆಯವರು ಸುಮ್ನೆ ಅದಕ್ಕೇ ಪದೇ ಪದೇ ಡಯಲ್ ಮಾಡುತ್ತಾ ಕೂರುತ್ತಾರೆ. ನಮ್ಮಿಬ್ಬರ ನಡುವೆ ಒಂದು ಮಾತೂ ಇದೆ. ಫೋನಿನಲ್ಲಿ ನಾನು "ನೀಲಿ ಶಾಲು ತಂದಿದ್ದೀನಿ" ಎಂದರೆ ಏನೋ ಸರಿಯಿಲ್ಲ ಎಂದರ್ಥ.

ಒಂದು ಕಡೆ ಡ್ರೈವರ್ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿಸಿದರು. ಎದೆ ಧಸಕ್ ಎಂದಿತು. ನನ್ನ ಫೋನಿನ ಮ್ಯಾಪ್ ಹೊಸ ದಾರಿ ತೋರಿಸಿತು. ನಾನು ಮೊದಲು ನೋಡಿದ್ದು ತಲುಪುವ ಸಮಯವನ್ನು. ಮೂರು ನಿಮಿಷ ಜಾಸ್ತಿಯಾಗಿ ಅಲ್ಲೇ ನಿಂತಿತು. ದಾರಿ ತಪ್ಪಿಸಿ ಹೋಗುತ್ತಿದ್ದರೆ ಆ ಸಮಯ ಏರುತ್ತಲೇ ಇರುತ್ತದೆ. "ಈ ಕಡೆ ಯಾಕಣ್ಣಾ?" ಎಂದು ಕೇಳಿದೆ. ಮುಂದೆ ರಸ್ತೆ ಅಗೆದಿದ್ದಾರಂತೆ. ಆದರೂ ಅಕ್ಕನಿಗೆ ಫೋನ್ ಮಾಡಿ, ಅವರಿಗೆ ಕೇಳುವ ಹಾಗೆಯೇ, ಕಾರಿನ ನಂಬರನ್ನೂ ದಾರಿ ಬದಲಾದದ್ದನ್ನೂ ಹೇಳಿದೆ.

2:43ಕ್ಕೆ ಕಾರು ನಿಂತಾಗ ಅಕ್ಕ ಗೇಟು ತೆಗೆದು ಹೊರಗೇ ನಿಂತಿದ್ದಳು. ಕೈಯಲ್ಲಿದ್ದ ಫೋನಿನಲ್ಲಿ ಟ್ರಿಪ್ ಲಿಂಕ್ ಇನ್ನೂ ತೆರೆದೇ ಇತ್ತು.